ಮೊದಲು ಬಿಡಿಸಿ ತೋರಿಸಿ, ಆಮೇಲೆ ಬಿಡಿಸಲು ಹೇಳಿ: ಜ್ಞಾನಾತ್ಮಕ ಹೊರೆ ಸಿದ್ಧಾಂತದ ಸೆಮಿನಾರಿಗೆ ಒಂದು ರೂಪರೇಖೆ

(ಕಾಸರಗೋಡಿನ ಕನ್ನಡ ಮಾಧ್ಯಮ ಬಿ.ಎಡ್. ಮತ್ತು ಡಿ.ಎಲ್.ಎಡ್. ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ವಿದ್ಯಾರ್ಥಿ ಮಿತ್ರರೇ,

ಕಲಿಯುವಾಗ ಮನಸ್ಸಿನ ಮೇಲೆ ಬೀಳುವ ಭಾರದ ಕುರಿತಾದ ಈ ಜ್ಞಾನಾತ್ಮಕ ಹೊರೆ ಸಿದ್ಧಾಂತವನ್ನು ಸೆಮಿನಾರಿಗೆ ಆರಿಸಿಕೊಂಡವರು ಸಾಮಾನ್ಯವಾಗಿ ಆಂತರಿಕ ಹೊರೆ, ಬಾಹ್ಯ ಹೊರೆ, ಪೂರಕ ಹೊರೆ ಎಂಬ ಮೂರು ವ್ಯಾಖ್ಯೆಗಳಿಂದ ಶುರುಮಾಡುತ್ತಾರೆ. ಮೊದಲ ಸ್ಲೈಡಿನಲ್ಲೇ ಮೂರು ಹೊಸ ಪದಗಳು ಬಂದರೆ ಕೇಳುವವರು ಅವನ್ನು ನೆನಪಿಟ್ಟುಕೊಳ್ಳುವುದರಲ್ಲೇ ಸೋಲುತ್ತಾರೆ. ನಿಮ್ಮ ಮಂಡನೆ ಒಂದು ಸಣ್ಣ ಲೆಕ್ಕದಿಂದ ಶುರುವಾಗಲಿ. ವ್ಯಾಖ್ಯೆಗಳು ಅದರ ಬೆನ್ನಿಗೆ ಬರಲಿ. ಇವತ್ತು ನಾವೂ ಅದೇ ಕ್ರಮದಲ್ಲಿ ಹೋಗೋಣ. ಸಿದ್ಧಾಂತದ ಎಲ್ಲ ಮೂಲೆಗಳನ್ನೂ ಮುಟ್ಟುವುದು ಬೇಡ. ಹೆಜ್ಜೆ ಹೆಜ್ಜೆಯಾಗಿ ಪೂರ್ತಿ ಮಾಡಿ ತೋರಿಸಿದ ಲೆಕ್ಕ, ಅಂದರೆ ಬಿಡಿಸಿದ ಉದಾಹರಣೆ ಎಂಬ ಒಂದೇ ಅನ್ವಯವನ್ನು ಹಿಡಿದು, ಅದನ್ನು 40 ನಿಮಿಷದ ಒಂದು ಗಣಿತದ ಪೀರಿಯಡಿನಲ್ಲಿ ಹೇಗೆ ನಡೆಸುವುದು ಎಂದು ನೋಡೋಣ.

ಮೊದಲಿಗೆ ಆ ಲೆಕ್ಕ. 1980ರ ಆಸುಪಾಸಿನಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಸ್ವೆಲರ್ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯೆಗಳ ಒಗಟು ಕೊಡುತ್ತಿದ್ದರು. ಒಂದು ಸಂಖ್ಯೆಯಿಂದ ಹೊರಟು ಇನ್ನೊಂದನ್ನು ಮುಟ್ಟಬೇಕು. ಮಾಡಬಹುದಾದ್ದು ಎರಡೇ ಕೆಲಸ: 3ರಿಂದ ಗುಣಿಸುವುದು, ಇಲ್ಲವೇ 29 ಕಳೆಯುವುದು. ಸಭೆಗೆ 15ರಿಂದ 19ಕ್ಕೆ ಹೋಗಲು ಹೇಳಿ, ಎರಡು ನಿಮಿಷ ಬಿಡಿ. 15ನ್ನು 3ರಿಂದ ಗುಣಿಸಿದರೆ 45, ಅದರಲ್ಲಿ 29 ಕಳೆದರೆ 16, ಮತ್ತೆ ಗುಣಿಸಿದರೆ 48, ಮತ್ತೆ ಕಳೆದರೆ 19. ಬಳಿಕ 16ರಿಂದ 28ಕ್ಕೆ, 20ರಿಂದ 64ಕ್ಕೆ ಹೋಗಲು ಹೇಳಿ. ಹೆಚ್ಚಿನವರು ಉತ್ತರ ಮುಟ್ಟುತ್ತಾರೆ. ಆಗ ಕೇಳಿ: ಮೂರೂ ಲೆಕ್ಕಗಳಲ್ಲಿ ಸಮಾನವಾದದ್ದು ಏನು?

ಸ್ವೆಲರ್ ಕೊಟ್ಟ ಒಗಟುಗಳನ್ನೆಲ್ಲ ಬಿಡಿಸುವ ದಾರಿ ಒಂದೇ ಆಗಿತ್ತು. ಒಮ್ಮೆ ಗುಣಿಸು, ಒಮ್ಮೆ ಕಳೆ, ಮತ್ತೆ ಗುಣಿಸು, ಮತ್ತೆ ಕಳೆ. ಅವರ ವಿದ್ಯಾರ್ಥಿಗಳು ಒಂದಾದ ಮೇಲೊಂದು ಒಗಟು ಬಿಡಿಸಿದರು, ಆದರೆ ಈ ನಿಯಮವನ್ನು ಕಂಡುಕೊಂಡವರು ಕೆಲವರೇ. ಉತ್ತರ ಸಿಕ್ಕಿತು, ಕಲಿಕೆ ಆಗಲಿಲ್ಲ. ಗುರಿ ಎಷ್ಟು ದೂರವಿದೆ, ಅದನ್ನು ಕಡಿಮೆ ಮಾಡಲು ಈಗ ಏನು ಮಾಡಲಿ ಎಂಬ ಲೆಕ್ಕಾಚಾರದಲ್ಲೇ ಮನಸ್ಸು ಮುಳುಗಿದ್ದರಿಂದ, ಹಿಂದೆ ಇಟ್ಟ ಹೆಜ್ಜೆಗಳನ್ನು ಒಟ್ಟಿಗೆ ನೋಡಲು ಜಾಗವೇ ಉಳಿಯಲಿಲ್ಲ. ಸ್ವೆಲರ್ 1988ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದೇ: ಸಮಸ್ಯೆ ಬಿಡಿಸುವುದು ಒಂದು ಕೆಲಸ, ಕಲಿಯುವುದು ಇನ್ನೊಂದು ಕೆಲಸ, ಆರಂಭಿಕರಲ್ಲಿ ಮೊದಲನೆಯದು ಎರಡನೆಯದರ ಜಾಗ ತಿಂದುಬಿಡಬಹುದು.

ಆ ಜಾಗಕ್ಕೆ ಕಾರ್ಯನಿರತ ಸ್ಮೃತಿ ಎಂದು ಹೆಸರು. ಜಾರ್ಜ್ ಮಿಲ್ಲರ್ 1956ರಲ್ಲಿ ಅದರ ಮಿತಿಯನ್ನು ಏಳು ಅಂಶ, ಎರಡು ಹೆಚ್ಚು ಇಲ್ಲವೇ ಕಡಿಮೆ ಎಂದರು. ನೆಲ್ಸನ್ ಕೊವನ್ 2001ರಲ್ಲಿ ಅದು ಸುಮಾರು ನಾಲ್ಕು ಎಂದು ವಾದಿಸಿದರು. ನಿಮ್ಮ ಸ್ಲೈಡಿನಲ್ಲಿ ಎರಡೂ ಇರಲಿ, ಆದರೆ ಸಂಖ್ಯೆಗಿಂತ ಮುಖ್ಯವಾದ ಮಾತು ಬೇರೆ ಇದೆ. ಈ ಮಿತಿ ಹೊಸ ವಿಷಯಕ್ಕೆ ಮಾತ್ರ. ದೀರ್ಘಕಾಲಿಕ ಸ್ಮೃತಿಯಲ್ಲಿ ಆಗಲೇ ಒಂದು ಕಟ್ಟಾಗಿ, ಅಂದರೆ ಸ್ಕೀಮಾ ಆಗಿ ಕುಳಿತದ್ದು ಎಷ್ಟೇ ದೊಡ್ಡದಿದ್ದರೂ ಒಂದೇ ಅಂಶವಾಗಿ ಒಳಗೆ ಬರುತ್ತದೆ. ನಿಮಗೆ `3(x − 4)` ಒಂದು ಅಂಶ. ಎಂಟನೇ ತರಗತಿಯ ಮಗುವಿಗೆ ಅದರಲ್ಲಿ ಮೂರು, ಆವರಣ, x, ಋಣ ಚಿಹ್ನೆ, ನಾಲ್ಕು, ಹೊರಗಿನದು ಒಳಗಿನ ಎರಡನ್ನೂ ಗುಣಿಸಬೇಕೆಂಬ ನಿಯಮ ಎಲ್ಲವೂ ಬೇರೆಬೇರೆ. ಅದಕ್ಕೇ ಶಿಕ್ಷಕರಿಗೆ ಸುಲಭವಾಗಿ ಕಂಡದ್ದು ಮಕ್ಕಳಿಗೆ ಗುಡ್ಡವಾಗುತ್ತದೆ.

ಮೂರು ಹೊರೆಗಳ ಮಾತನ್ನು ಈಗ ತನ್ನಿ. ಒಂದನ್ನು ತಿಳಿಯಲು ಎಷ್ಟು ಅಂಶಗಳನ್ನು ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿಯಬೇಕೋ ಅದು ಆಂತರಿಕ ಹೊರೆ. ಹತ್ತು ಸಸ್ಯಗಳ ಹೆಸರು ಕಲಿಯುವುದು ಶ್ರಮದ ಕೆಲಸವಾದರೂ ಒಂದೊಂದನ್ನೇ ಕಲಿಯಬಹುದು, ಆದ್ದರಿಂದ ಹೊರೆ ಕಡಿಮೆ. ಸಮೀಕರಣದಲ್ಲಿ ಒಂದು ಚಿಹ್ನೆ ಬದಲಾದರೆ ಉಳಿದದ್ದೆಲ್ಲ ಬದಲಾಗುತ್ತದೆ, ಆದ್ದರಿಂದ ಹೆಚ್ಚು. ನಾವು ಕಲಿಸುವ ರೀತಿಯಿಂದ ಸೇರುವುದು ಬಾಹ್ಯ ಹೊರೆ. ನಮ್ಮ ಕೈಯಲ್ಲಿ ನೇರವಾಗಿ ಇರುವುದು ಇದೇ. ಪೂರಕ ಹೊರೆಯನ್ನು ಮೂರನೆಯದಾಗಿ ಸ್ವೆಲರ್, ವಾನ್ ಮೆರಿಯನ್‌ಬೋರ್ ಮತ್ತು ಪಾಸ್ 1998ರ ಲೇಖನದಲ್ಲಿ ಸೇರಿಸಿದರು. ಮುಂದೆ ಸ್ವೆಲರ್ ಅದನ್ನು ಪ್ರತ್ಯೇಕ ಹೊರೆಯಾಗಿ ಎಣಿಸುವುದನ್ನು ಬಿಟ್ಟು, ಆಂತರಿಕ ಹೊರೆಯನ್ನು ನಿಭಾಯಿಸಲು ಮನಸ್ಸು ತೊಡಗಿಸುವ ಶಕ್ತಿ ಎಂದು ವಿವರಿಸಿದರು. ಪರೀಕ್ಷೆಗೆ ಮೂರು ಬರೆಯಿರಿ, ಪಾಠಯೋಜನೆ ಮಾಡುವಾಗ ಮೊದಲ ಎರಡನ್ನು ಹಿಡಿದುಕೊಂಡರೆ ಸಾಕು.

ಇನ್ನು ತರಗತಿಗೆ ಬರೋಣ. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಒಂದು ಕನ್ನಡ ಮಾಧ್ಯಮ ಹೈಸ್ಕೂಲು, ಎಂಟನೇ ತರಗತಿ, ಎರಡೂ ಬದಿಯಲ್ಲಿ x ಇರುವ ಸಮೀಕರಣ. ಟೀಚಿಂಗ್ ಪ್ರಾಕ್ಟೀಸಿನಲ್ಲಿ ಹೆಚ್ಚಾಗಿ ಕಾಣುವ ಪಾಠ ಹೀಗಿರುತ್ತದೆ: ಬೋರ್ಡಿನಲ್ಲಿ ಒಂದು ಲೆಕ್ಕ ಮಾಡಿ ತೋರಿಸುವುದು, ಕೂಡಲೇ ಹತ್ತು ಲೆಕ್ಕ ಕೊಡುವುದು, ಮಕ್ಕಳು ತಪ್ಪಿದಾಗ ಒಬ್ಬೊಬ್ಬರ ಬೆಂಚಿಗೆ ಓಡುವುದು. ಆ ಹತ್ತು ಲೆಕ್ಕಗಳು ಆರಂಭಿಕರಿಗೆ ಅಭ್ಯಾಸವಾಗುವುದಿಲ್ಲ, ಆ ಸಂಖ್ಯೆಯ ಒಗಟಿನ ಹಾಗೆ ತಡಕಾಟವಾಗುತ್ತವೆ. ಸ್ವೆಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದಲ್ಲೇ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಎಲ್ಲವೂ ಬಿಡಿಸಬೇಕಾದ ಲೆಕ್ಕಗಳು. ಇನ್ನೊಂದು ಗುಂಪಿಗೆ ಜೋಡಿಗಳು: ಒಂದು ಬಿಡಿಸಿದ ಉದಾಹರಣೆ, ಅದರ ಹಿಂದೆಯೇ ಅದೇ ರಚನೆಯ ಒಂದು ಲೆಕ್ಕ. ಜೋಡಿ ಸಿಕ್ಕಿದವರು ಕಲಿಯಲು ಕಡಿಮೆ ಹೊತ್ತು ತೆಗೆದುಕೊಂಡರು, ಅಂಥದ್ದೇ ಲೆಕ್ಕಗಳ ಪರೀಕ್ಷೆಯನ್ನು ಬೇಗ, ಕಡಿಮೆ ತಪ್ಪಿನಲ್ಲಿ ಮುಗಿಸಿದರು. ಆದರೆ ರಚನೆ ಬೇರೆಯಾದ ಲೆಕ್ಕಗಳಲ್ಲಿ ಆ ಲಾಭ ಕಾಣಲಿಲ್ಲ. ಈ ಮಿತಿಯನ್ನು ಮಂಡನೆಯಲ್ಲಿ ಬಿಡಬೇಡಿ, ಯಾಕೆಂದರೆ ಒಂದೇ ಜೋಡಿ ಸಾಲದು, ಉದಾಹರಣೆಗಳ ರೂಪ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಹೋಗಬೇಕು ಎಂಬುದು ಇಲ್ಲಿಂದಲೇ ಹುಟ್ಟುತ್ತದೆ.

ಪೀರಿಯಡಿನ ಮೊದಲ ಐದು ನಿಮಿಷ ಹೊಸ ಪಾಠ ಬೇಡ. ಎರಡು ಸಾಲು ಕೊಡಿ: `3(x − 4)` ಬಿಡಿಸಿ ಬರೆಯಿರಿ, `x + 5 = 17` ಆದರೆ x ಎಷ್ಟು? ತರಗತಿಯಲ್ಲಿ ತುಂಬ ಮಂದಿ ಮೊದಲನೆಯದಕ್ಕೆ `3x − 4` ಬರೆದಿದ್ದರೆ ಅವತ್ತು ಎರಡೂ ಬದಿಯ ಸಮೀಕರಣಕ್ಕೆ ಹೋಗಬೇಡಿ. ಆವರಣ ಬಿಡಿಸುವುದು ಯೋಚಿಸದೆ ಕೈಗೆ ಬರುವಷ್ಟು ರೂಢಿಯಾಗದ ಮಗುವಿಗೆ ಅದೊಂದೇ ಇಡೀ ಜಾಗ ತಿನ್ನುತ್ತದೆ.

ಸರಿಯಾಗಿ ಬಂದರೆ ಮೊದಲ ಉದಾಹರಣೆಯನ್ನು ಬೋರ್ಡಿನಲ್ಲಿ ಪೂರ್ತಿ ಬರೆಯಿರಿ. ಕಾರಣ ಆಯಾ ಸಾಲಿನ ಪಕ್ಕದಲ್ಲೇ ಇರಲಿ:

```
3(x − 4) = 2x + 5
3x − 12  = 2x + 5     ಆವರಣ ಬಿಡಿಸಿದೆ
3x − 2x  = 5 + 12     x ಒಂದು ಬದಿಗೆ, ಸಂಖ್ಯೆ ಇನ್ನೊಂದು ಬದಿಗೆ
x        = 17
ತಾಳೆ: 3 × 13 = 39,  2 × 17 + 5 = 39
```

ಬರೆದು ಮುಗಿಸಿದ ಮೇಲೆ ಒಂದು ನಿಮಿಷ ಸುಮ್ಮನಿರಿ. ಇದು ಹೊಸ ಶಿಕ್ಷಕರಿಗೆ ತುಂಬ ಕಷ್ಟದ ಕೆಲಸ, ಆದರೆ ಮಕ್ಕಳು ಸಾಲುಗಳನ್ನು ನೋಡುತ್ತಿರುವಾಗ ನಾವು ಮಾತಾಡುತ್ತಿದ್ದರೆ ಅವರು ಎರಡನ್ನೂ ಹಿಡಿಯಬೇಕಾಗುತ್ತದೆ. ಬರೆದುಕೊಳ್ಳಲು ಈಗಲೇ ಹೇಳಬೇಡಿ. ನಕಲು ಮಾಡುವ ಮಗು ಅಕ್ಷರ ನೋಡುತ್ತದೆ, ಹೆಜ್ಜೆ ನೋಡುವುದಿಲ್ಲ. ನಿಮಿಷ ಕಳೆದ ಮೇಲೆ ಪ್ರಶ್ನೆ ಕೇಳಿ: "ಎರಡನೇ ಸಾಲಿನಲ್ಲಿ 4 ಇದ್ದ ಜಾಗಕ್ಕೆ 12 ಯಾಕೆ ಬಂತು?" "ಮೂರನೇ ಸಾಲಿನಲ್ಲಿ 12ರ ಮುಂದೆ ಕೂಡಿಸುವ ಚಿಹ್ನೆ ಹೇಗೆ ಬಂತು?" "ಅರ್ಥವಾಯಿತಾ?" ಎಂದು ಮಾತ್ರ ಕೇಳಬೇಡಿ, ಇಡೀ ತರಗತಿ "ಹೌದು ಟೀಚರ್" ಅನ್ನುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಬಿಡಿಸಿದ ಉದಾಹರಣೆ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಮಕ್ಕಳು ಕಣ್ಣಾಡಿಸಿ ಬಿಟ್ಟುಬಿಡುತ್ತಾರೆ. ಕಾರಣವನ್ನು ತಮ್ಮ ಬಾಯಲ್ಲಿ ಹೇಳಿದಾಗ ಮಾತ್ರ ಉದಾಹರಣೆ ಒಳಗಿಳಿಯುತ್ತದೆ.

ಕೂಡಲೇ ಅದರ ಜೋಡಿ ಲೆಕ್ಕ: `4(x − 3) = 3x + 7`. ಉತ್ತರ 19. ಇದನ್ನು ಮಕ್ಕಳೇ ಮಾಡಲಿ, ಉದಾಹರಣೆ ಬೋರ್ಡಿನಲ್ಲೇ ಇರಲಿ. ಎರಡನೇ ಜೋಡಿಯಲ್ಲಿ ರೂಪ ಒಂದು ಕೂದಲೆಳೆ ಬದಲಾಗಲಿ. ಉದಾಹರಣೆಗೆ `5(x + 2) = 3x + 16` ತೆಗೆದುಕೊಳ್ಳಿ. ಇಲ್ಲಿ ಕೊನೆಗೆ `2x = 6` ಬರುತ್ತದೆ, ಅಂದರೆ ಭಾಗಿಸುವ ಒಂದು ಹೊಸ ಹೆಜ್ಜೆ ಸೇರಿತು. ಅದರ ಜೋಡಿ `6(x + 1) = 4x + 14`, ಉತ್ತರ 4. ಇಷ್ಟಕ್ಕೆ ಸುಮಾರು ಇಪ್ಪತ್ತು ನಿಮಿಷ ಆಗಿರುತ್ತದೆ. `−2(x − 3)` ಥರದ್ದನ್ನು ಈ ದಿನ ಮುಟ್ಟಬೇಡಿ. ಹೊರಗಡೆ ಋಣ ಚಿಹ್ನೆ ಬಂದರೆ ಅದು ಬೇರೆಯದೇ ಕಷ್ಟ, ಅದಕ್ಕೆ ಅದರದ್ದೇ ಜೋಡಿ ಬೇಕು.

ಉಳಿದ ಹೊತ್ತಿನಲ್ಲಿ ಆಸರೆಯನ್ನು ಹಿಂದಿನಿಂದ ತೆಗೆಯುತ್ತಾ ಬನ್ನಿ. `2(x − 5) = x + 3` ಎಂಬುದರಲ್ಲಿ ಕೊನೆಯ ಸಾಲನ್ನು ಮಾತ್ರ ಖಾಲಿ ಬಿಡಿ. `7(x − 2) = 5x + 4` ಎಂಬುದರಲ್ಲಿ ಆವರಣ ಬಿಡಿಸಿದ ಸಾಲನ್ನು ಮಾತ್ರ ಕೊಟ್ಟು ಮಿಕ್ಕದ್ದನ್ನೆಲ್ಲ ಖಾಲಿ ಬಿಡಿ. ಅದರ ಬೆನ್ನಿಗೆ ಪೂರ್ತಿ ಖಾಲಿ ಲೆಕ್ಕ. ಅಲೆಕ್ಸಾಂಡರ್ ರೆಂಕ್ಲ್ ಮತ್ತು ರಾಬರ್ಟ್ ಆಟ್ಕಿನ್ಸನ್ ಈ ಕ್ರಮೇಣ ತೆಗೆಯುವ ವಿಧಾನವನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಹಿಂದಿನಿಂದ ಯಾಕೆ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೊನೆಯ ಹೆಜ್ಜೆ ಇಡುವ ಮಗುವಿನ ಕಣ್ಣ ಮುಂದೆ ಅಲ್ಲಿಯವರೆಗಿನ ದಾರಿ ಸರಿಯಾಗಿಯೇ ಬರೆದಿರುತ್ತದೆ. ಮೊದಲ ಸಾಲನ್ನೇ ಖಾಲಿ ಬಿಟ್ಟು ಅಲ್ಲಿ ತಪ್ಪಿದರೆ ಮುಂದಿನ ಬರೆದ ಸಾಲುಗಳು ಅದಕ್ಕೆ ಹೊಂದುವುದೇ ಇಲ್ಲ.

ಈಗ ತಪ್ಪುಗಳ ಮಾತು. ಒಂದು ಮಗು ಉತ್ತರಪತ್ರಿಕೆಯಲ್ಲಿ `3x − 4` ಬರೆದಿದೆ. ಇದು ಹೊರೆಯ ತೊಂದರೆಯೋ, ಗೊತ್ತಿಲ್ಲದ ತೊಂದರೆಯೋ? ಬೇರೆ ಮಾಡಿ ನೋಡುವ ಸರಳ ದಾರಿ ಇದೆ. `3(x − 4)` ಎಂಬುದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಡಿ. ಒಂಟಿಯಾಗಿ ಕೊಟ್ಟಾಗಲೂ `3x − 4` ಎಂದೇ ಬರೆದರೆ ಮಗುವಿಗೆ ವಿಭಾಜಕ ನಿಯಮವೇ ಗೊತ್ತಿಲ್ಲ, ಅದನ್ನು ಮೊದಲಿನಿಂದ ಕಲಿಸಬೇಕು. ಒಂಟಿಯಾಗಿ ಸರಿ ಬರೆದು, ಇಡೀ ಸಮೀಕರಣದೊಳಗೆ ತಪ್ಪಿದರೆ ಗೊತ್ತಿದೆ, ಆದರೆ ಉಳಿದ ಹೆಜ್ಜೆಗಳ ನಡುವೆ ಹಿಡಿದಿಡಲು ಆಗುತ್ತಿಲ್ಲ. ಅಂಥ ಮಗುವಿಗೆ ನಿಯಮವನ್ನು ಮತ್ತೆ ಮತ್ತೆ ಹೇಳಿ ಪ್ರಯೋಜನವಿಲ್ಲ, ಇನ್ನೆರಡು ಬಿಡಿಸಿದ ಉದಾಹರಣೆ ಬೇಕು, ಒಂದು ಸಾಲಿನಲ್ಲಿ ಒಂದೇ ಹೆಜ್ಜೆ ಬರೆಯುವ ಅಭ್ಯಾಸ ಬೇಕು. ಎರಡೂ ತಪ್ಪು ಕಾಗದದ ಮೇಲೆ ಒಂದೇ ರೀತಿ ಕಾಣುತ್ತವೆ, ಮದ್ದು ಮಾತ್ರ ಬೇರೆ. ಈ ಚೀಟಿಯ ಪರೀಕ್ಷೆಯೊಂದನ್ನೇ ನಿಮ್ಮ ಸೆಮಿನಾರಿನಿಂದ ಕೇಳುಗರು ತೆಗೆದುಕೊಂಡು ಹೋದರೂ ಸಾಕು.

ಬೋರ್ಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಜ್ಯಾಮಿತಿಯಲ್ಲಿ ಬಿಡಿಸಿದ ಉದಾಹರಣೆ ಮೊದಲಿಗೆ ಕೆಲಸವನ್ನೇ ಮಾಡಲಿಲ್ಲ. ರೋಹಾನಿ ತರ್ಮಿಜಿ ಮತ್ತು ಸ್ವೆಲರ್ 1988ರಲ್ಲಿ ಇದಕ್ಕೆ ಕಾರಣ ತೋರಿಸಿದರು. ಚಿತ್ರ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಇದ್ದಾಗ ವಿದ್ಯಾರ್ಥಿ "ಕೋನ ABC" ಎಂದು ಓದಿ, ಅದನ್ನು ಮನಸ್ಸಿನಲ್ಲಿ ಹಿಡಿದು, ಚಿತ್ರದಲ್ಲಿ ಹುಡುಕಿ, ಮತ್ತೆ ವಿವರಣೆಗೆ ಮರಳಬೇಕು. ಹುಡುಕುವುದರಲ್ಲೇ ಜಾಗ ಮುಗಿಯಿತು. ಹೆಜ್ಜೆಗಳನ್ನು ಚಿತ್ರದೊಳಗೇ, ಆಯಾ ಕೋನದ ಪಕ್ಕದಲ್ಲೇ ಬರೆದಾಗ ಲಾಭ ಮರಳಿ ಬಂತು. ನಿಮ್ಮ ಚಾರ್ಟುಗಳನ್ನು ಈ ಕಣ್ಣಿನಿಂದ ನೋಡಿ. ಹೃದಯದ ಚಿತ್ರದಲ್ಲಿ ಭಾಗಗಳಿಗೆ 1, 2, 3 ಎಂದು ಹಾಕಿ, ಹೆಸರುಗಳನ್ನು ಕೆಳಗೆ ಪಟ್ಟಿ ಮಾಡಿದ್ದೀರಾ? ಹಾಗಿದ್ದರೆ ಸಂಖ್ಯೆ ಅಳಿಸಿ ಹೆಸರನ್ನೇ ಭಾಗದ ಮೇಲೆ ಬರೆಯಿರಿ. ಖರ್ಚಿಲ್ಲದ ತಿದ್ದುಪಡಿ ಇದು.

ನಮ್ಮ ಜಿಲ್ಲೆಯ ತರಗತಿಗೆ ಇನ್ನೊಂದು ಪದರ ಇದೆ. ಕನ್ನಡ ಮಾಧ್ಯಮದ ಬೆಂಚಿನಲ್ಲಿ ಕೂತ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಏನೂ ಇರಬಹುದು. "ಒಬ್ಬನ ಪ್ರಾಯದ ಮೂರು ಪಟ್ಟಿನಿಂದ 12 ಕಳೆದಾಗ, ಆ ಪ್ರಾಯದ ಎರಡು ಪಟ್ಟಿಗಿಂತ 5 ಹೆಚ್ಚು ಬರುತ್ತದೆ" ಎಂಬ ವಾಕ್ಯ ನಾವು ಮೊದಲು ಬಿಡಿಸಿದ ಸಮೀಕರಣವೇ. ಆದರೆ ಇಲ್ಲಿ ಮಗು ವಾಕ್ಯ ಬಿಚ್ಚಬೇಕು, ಅದನ್ನು ಸಮೀಕರಣ ಮಾಡಬೇಕು, ಬಿಡಿಸಬೇಕು. ಮೂರನ್ನೂ ಒಂದೇ ದಿನ ಕೇಳಬೇಡಿ. ಒಂದು ಪೀರಿಯಡ್ ಪೂರ್ತಿ ಸಮೀಕರಣ ಬರೆಯುವುದಷ್ಟೇ ಆಗಲಿ, ಬಿಡಿಸುವುದೇ ಬೇಡ. ವಾಕ್ಯದ ಕೆಳಗೇ ಅದರ ತುಂಡುಗಳನ್ನು ಬರೆದು ತೋರಿಸಿ: "ಪ್ರಾಯದ ಮೂರು ಪಟ್ಟು" ಎಂಬುದರ ಕೆಳಗೆ `3x`, "12 ಕಳೆದಾಗ" ಎಂಬುದರ ಕೆಳಗೆ `− 12`. ಪಟ್ಟು, ಪದ, ಬದಿ, ಆವರಣ ಮುಂತಾದ ಪದಗಳನ್ನು ಪಾಠದ ಮೊದಲಿಗೇ ಮಕ್ಕಳ ಮನೆಮಾತಿನಲ್ಲಿ ಕೇಳಿ ಸ್ಪಷ್ಟಮಾಡಿಕೊಳ್ಳಿ. ಲೆಕ್ಕದ ನಡುವೆ ಪ್ರತಿ ವಾಕ್ಯವನ್ನೂ ಎರಡು ಭಾಷೆಯಲ್ಲಿ ಹೇಳುತ್ತಾ ಹೋದರೆ ಹೆಜ್ಜೆಗಳ ಎಳೆ ಕಡಿಯುತ್ತದೆ. ಪದ ಗೊತ್ತಿಲ್ಲದ ಮಗುವಿಗೆ ಅನುವಾದ ಬೇಕೇಬೇಕು, ಅದು ಲೆಕ್ಕಕ್ಕೆ ಮುಂಚೆ ಆಗಲಿ ಎಂಬುದಷ್ಟೇ ಸಲಹೆ.

ಇಷ್ಟೆಲ್ಲ ಆದ ಮೇಲೆ ಬಿಡಿಸಿದ ಉದಾಹರಣೆಯನ್ನು ಯಾವಾಗ ನಿಲ್ಲಿಸಬೇಕು? ನಿಲ್ಲಿಸದಿದ್ದರೆ ಹಾನಿಯೇ ಆಗುತ್ತದೆ. ಸ್ಲಾವಾ ಕಲ್ಯೂಗ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪರಿಣತಿಯ ತಿರುವು ಪರಿಣಾಮವಾಗಿ ವಿವರಿಸಿದರು. ಆರಂಭಿಕರಿಗೆ ಆಸರೆಯಾದ ವಿವರಣೆಯೇ ಬಲ್ಲವರಿಗೆ ಅಡ್ಡ ಬರುತ್ತದೆ, ಯಾಕೆಂದರೆ ಅವರು ತಮಗೆ ಗೊತ್ತಿದ್ದುದನ್ನು ಬೋರ್ಡಿನ ಸಾಲಿನೊಂದಿಗೆ ತಾಳೆ ನೋಡುತ್ತಾ ಸುಮ್ಮನೆ ಶ್ರಮಪಡುತ್ತಾರೆ. ಒಂದೇ ತರಗತಿಯಲ್ಲಿ ಇಬ್ಬರೂ ಇರುತ್ತಾರಲ್ಲ, ಕಂಡುಹಿಡಿಯುವುದು ಹೇಗೆ? ಕಲ್ಯೂಗ ಮತ್ತು ಸ್ವೆಲರ್ ಬಳಸಿದ ತ್ವರಿತ ಪರೀಕ್ಷೆಯನ್ನು ಹಾಗೆಯೇ ತರಗತಿಗೆ ತರಬಹುದು. `3x − 7 = 2(x + 1)` ಬೋರ್ಡಿನಲ್ಲಿ ಬರೆದು, ಇದರ ಮುಂದಿನ ಒಂದು ಸಾಲು ಮಾತ್ರ ಬರೆಯಲು ಹೇಳಿ, ಅರ್ಧ ನಿಮಿಷ ಕೊಡಿ. `3x − 7 = 2x + 2` ಎಂದು ಬರೆದವರು ದಾರಿಯಲ್ಲಿದ್ದಾರೆ, ಅವರಿಗೆ ಖಾಲಿ ಸಾಲಿನ ಲೆಕ್ಕಗಳು ಸಾಕು. ನೇರವಾಗಿ `x = 9` ಎಂದೋ `3x − 2x = 2 + 7` ಎಂದೋ ಬರೆದವರಿಗೆ ಹೆಜ್ಜೆಗಳು ಕಟ್ಟಾಗಿ ಕುಳಿತಿವೆ, ಅವರಿಗೆ ಉದಾಹರಣೆ ತೆಗೆದುಬಿಟ್ಟು ಪ್ರಾಯದ ಲೆಕ್ಕ ಕೊಡಿ. ಏನೂ ಬರೆಯದವರು, ಆವರಣದಲ್ಲೇ ತಪ್ಪಿದವರು ಜೋಡಿ ಉದಾಹರಣೆಗೆ ಮರಳಲಿ. ಹೀಗೆ ಮೂರು ಗುಂಪು ಮಾಡಲು ಎರಡೇ ನಿಮಿಷ ಸಾಕು.

ಮಂಡನೆಯ ಕೊನೆಗೆ ಬರುವ ಪ್ರಶ್ನೆಗಳಿಗೆ ಸಿದ್ಧರಾಗಿರಿ. ಹೊರೆಯನ್ನು ಅಳೆಯುವುದು ಹೇಗೆ ಎಂದು ಕೇಳಿದರೆ, ಫ್ರೆಡ್ ಪಾಸ್ 1992ರಲ್ಲಿ ಬಳಸಿದ ಒಂಬತ್ತು ಅಂಕದ ಮಾಪಕವನ್ನು ಹೇಳಿ. ಲೆಕ್ಕ ಮುಗಿದ ಕೂಡಲೇ ಎಷ್ಟು ಮಾನಸಿಕ ಶ್ರಮವಾಯಿತು ಎಂದು ಕಲಿಯುವವರೇ 1ರಿಂದ 9ರೊಳಗೆ ಗುರುತಿಸಬೇಕು. ಅದು ಒಟ್ಟು ಶ್ರಮವನ್ನು ಹೇಳುತ್ತದೆ, ಎಷ್ಟು ಆಂತರಿಕ, ಎಷ್ಟು ಬಾಹ್ಯ ಎಂದು ಬಿಡಿಸಿ ಹೇಳುವುದಿಲ್ಲ. ಈ ದೌರ್ಬಲ್ಯವನ್ನು ನೀವೇ ಮುಂದಾಗಿ ಹೇಳಿಬಿಡುವುದು ಒಳ್ಳೆಯದು.

ಎರಡನೇ ಪ್ರಶ್ನೆ ಕೇರಳದಲ್ಲಿ ಕಲಿಸುವ ನಮಗೆ ಖಂಡಿತ ಬರುತ್ತದೆ: 2007ರ ಪಠ್ಯಕ್ರಮ ಚೌಕಟ್ಟಿನಿಂದ ಈಚೆಗೆ ನಾವು ಹೇಳುತ್ತಾ ಬಂದ ಜ್ಞಾನ ನಿರ್ಮಿತಿವಾದಕ್ಕೆ ಇದು ವಿರುದ್ಧವಲ್ಲವೇ? ಕಿರ್ಶ್ನರ್, ಸ್ವೆಲರ್ ಮತ್ತು ಕ್ಲಾರ್ಕ್ 2006ರಲ್ಲಿ ಕನಿಷ್ಠ ಮಾರ್ಗದರ್ಶನದ ಬೋಧನೆ ಆರಂಭಿಕರಿಗೆ ಒಗ್ಗುವುದಿಲ್ಲ ಎಂದು ಗಟ್ಟಿಯಾಗಿಯೇ ವಾದಿಸಿದರು. ಮರುವರ್ಷ ಮೆಲೋ ಸಿಲ್ವರ್, ಡಂಕನ್ ಮತ್ತು ಚಿನ್ ಉತ್ತರ ಕೊಟ್ಟು, ಸಮಸ್ಯೆ ಆಧಾರಿತ ಕಲಿಕೆಯಲ್ಲಿ ಆಸರೆ ಬೇಕಾದಷ್ಟು ಇರುತ್ತದೆ, ಅದನ್ನು ಕನಿಷ್ಠ ಮಾರ್ಗದರ್ಶನ ಎನ್ನುವುದು ತಪ್ಪು ಎಂದರು. ಎರಡು ಕಡೆಯನ್ನೂ ಮಂಡಿಸಿ, ಬಳಿಕ ನಿಮ್ಮ ನಿಲುವು ಹೇಳಿ. ನಮ್ಮ ನಿಲುವು ಹೀಗೆ: ಗುಂಪು ಚರ್ಚೆಯನ್ನು ಬಿಡುವುದು ಬೇಡ, ಅದರ ಜಾಗ ಬದಲಾಗಲಿ. ಹೊಸ ಸಮೀಕರಣವನ್ನು ಐದು ಮಕ್ಕಳ ಗುಂಪಿಗೆ ಕೊಟ್ಟು ಕಂಡುಹಿಡಿಯಲು ಹೇಳಿದರೆ ಬಲ್ಲ ಒಬ್ಬ ಬರೆಯುತ್ತಾನೆ, ನಾಲ್ವರು ನೋಡುತ್ತಾರೆ. ಅದೇ ಗುಂಪಿಗೆ ಬಿಡಿಸಿದ ಎರಡು ಉದಾಹರಣೆ ಕೊಟ್ಟು, ಒಂದರಲ್ಲಿ ಬೇಕೆಂದೇ ಒಂದು ತಪ್ಪು ಇಟ್ಟು, ಯಾವ ಸಾಲಿನಲ್ಲಿ ತಪ್ಪಿದೆ, ಯಾಕೆ ಎಂದು ಚರ್ಚಿಸಲು ಹೇಳಿದರೆ ಐವರಿಗೂ ಮಾತಾಡಲು ವಿಷಯ ಸಿಗುತ್ತದೆ. ತಪ್ಪಿನ ಉದಾಹರಣೆಯನ್ನು ಮೊದಲ ದಿನ ಕೊಡಬೇಡಿ, ಸರಿಯಾದ ದಾರಿ ಕೈಗೆ ಬಂದ ಮೇಲೆ ಕೊಡಿ.

ಕೊನೆಯದಾಗಿ ನಿಮ್ಮ ಸ್ಲೈಡುಗಳು. ಬಾಯಲ್ಲಿ ಹೇಳುವ ವಾಕ್ಯವನ್ನೇ ಪರದೆಯಲ್ಲಿ ಬರೆದು ಓದಬೇಡಿ. ಕೇಳುಗರು ಕಣ್ಣಿಗೂ ಕಿವಿಗೂ ಒಂದೇ ಮಾತನ್ನು ತಾಳೆ ಹಾಕುತ್ತಾ ಕೂರುತ್ತಾರೆ. ಪರದೆಯಲ್ಲಿ ಸಮೀಕರಣ, ಚಿತ್ರ, ವರ್ಷ ಇರಲಿ, ವಿವರಣೆ ನಿಮ್ಮ ಬಾಯಲ್ಲಿ ಇರಲಿ. ಇಪ್ಪತ್ತು ನಿಮಿಷದ ಮಂಡನೆಯಾದರೆ ಸಂಖ್ಯೆಯ ಒಗಟಿಗೆ ನಾಲ್ಕು, ಸ್ಮೃತಿ ಮತ್ತು ಹೊರೆಗಳಿಗೆ ನಾಲ್ಕು, ಸಮೀಕರಣದ ಪಾಠಕ್ಕೆ ಎಂಟು, ಯಾವಾಗ ನಿಲ್ಲಿಸಬೇಕೆಂಬುದಕ್ಕೆ ನಾಲ್ಕು ನಿಮಿಷ ಇಟ್ಟುಕೊಳ್ಳಿ. ಹೊತ್ತು ಸಾಲದೆ ಹೋದರೆ ವ್ಯಾಖ್ಯೆಗಳನ್ನು ಕಡಿಮೆ ಮಾಡಿ, ಪಾಠದ ಎಂಟು ನಿಮಿಷಕ್ಕೆ ಕೈಹಾಕಬೇಡಿ.